ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆದ್ರೆ ಯಾರ ಹತ್ರ ಹೋಗ್ಬೇಕು?

"ಹೆಲ್ತ್ ಕ್ಲೇಮ್ ಹಳೇ ಕಾಯಿಲೆ ಅಂತ ರಿಜೆಕ್ಟ್ ಮಾಡಿದಾರೆ, ನೇರ ಕೋರ್ಟಿಗೆ ಹೋಗ್ಲಾ?"

ಬೇಡ, ಮೊದ್ಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಇಮೇಲ್ ಹಾಕಿ, ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಡಿಸ್ಚಾರ್ಜ್ ಸಮ್ಮರೀಲಿ "ಬಿಪಿ 6 ವರ್ಷದಿಂದ" ಅಂತ ತಪ್ಪಾಗಿ ಬರೆದಿದ್ರೆ, ಸಾಮಾನ್ಯವಾಗಿ ಜಗಳ ಹುಟ್ಟೋದೇ ಅಲ್ಲಿ, ಡಾಕ್ಟರ್ ಹತ್ರ ತಿದ್ದುಪಡಿ ಲೆಟರ್ ತಗೊಂಡು ಜೊತೆಗೆ ಕಳಿಸಿ. ಒಂದು ತಿಂಗಳಾದ್ರೂ ಉತ್ತರ ಇಲ್ಲ, ಅಥವಾ ಮತ್ತೆ ಇಲ್ಲ ಅಂದ್ರು ಅಂದ್ರೆ ಒಂದು ವರ್ಷದೊಳಗೆ ಕಂಪನಿ-ಗ್ರಾಹಕರ ಜಗಳ ಬಗೆಹರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ನಮ್ಮ ರಾಜ್ಯಕ್ಕೆ ಬೆಂಗಳೂರು ಆಫೀಸು, ಫೀಸಿಲ್ಲ, ಲಾಯರ್ ಬೇಕಿಲ್ಲ. ಅವರ ಅವಾರ್ಡ್, ಅಂದ್ರೆ ತೀರ್ಪು, ಕಂಪನಿ ಪಾಲಿಸ್ಲೇಬೇಕು, ನಿಮಗೆ ಒಪ್ಪಿಗೆ ಆಗದಿದ್ರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದ್ರೆ ಆಯೋಗದಲ್ಲೋ ಕೋರ್ಟಲ್ಲೋ ಮೊದಲೇ ಕೇಸ್ ಹಾಕಿದ್ರೆ ಒಂಬುಡ್ಸ್‌ಮನ್ ಮುಟ್ಟಲ್ಲ. ಆಯೋಗಕ್ಕೆ 2 ವರ್ಷದ ಗಡುವು, ಅಲ್ಲಿ ಅಫಿಡವಿಟ್ ಸಮೇತ ದಾಖಲೆ ಕೇಳ್ತಾರೆ.