1.5 ಟನ್ ಎಸಿ ಅಂದರೆ ಎಷ್ಟು ಕಿಲೋವ್ಯಾಟ್? ಎರಡು ಎಸಿಗಳ ರೇಟಿಂಗ್ ಹೋಲಿಸೋದು ಹೇಗೆ?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮ ಬೆಡ್‌ರೂಮಿಗೆ ಎಸಿ ನೋಡ್ತಿದ್ದೀನಿ. ಎರಡು ಎಸಿ ಇಷ್ಟ ಆಗಿವೆ, ಎರಡೂ "1.5 ಟನ್" ಇನ್ವರ್ಟರ್. ಮೊದಲನೆಯದು 3 ಸ್ಟಾರ್: ಕೂಲಿಂಗ್ 5,050 ವ್ಯಾಟ್, ಪವರ್ 1,540 ವ್ಯಾಟ್, ಐಎಸ್‌ಇಇಆರ್ 3.90, ವರ್ಷಕ್ಕೆ 1,002 ಯೂನಿಟ್. ಎರಡನೆಯದು 5 ಸ್ಟಾರ್: ಕೂಲಿಂಗ್ 4,750 ವ್ಯಾಟ್, ಪವರ್ 1,320 ವ್ಯಾಟ್, ಐಎಸ್‌ಇಇಆರ್ 5.10, ವರ್ಷಕ್ಕೆ 721 ಯೂನಿಟ್. ಇದಕ್ಕೆ 9,000 ರೂಪಾಯಿ ಜಾಸ್ತಿ. ನಮ್ಮ ಮನೆ ಕನೆಕ್ಷನ್ 3 ಕಿಲೋವ್ಯಾಟ್, 5 ಕಿಲೋವ್ಯಾಟ್ ಎಸಿ ಹಾಕಬಹುದಾ? ಅಮೆರಿಕದಲ್ಲಿರೋ ತಮ್ಮ ತನ್ನ ಎಸಿ ಇಇಆರ್ 12 ಅಂತಾನೆ, ನಮ್ಮಲ್ಲಿ ಯಾಕೆ ಇಷ್ಟು ಕಡಿಮೆ?

ಉತ್ತರ:

ಕನೆಕ್ಷನ್ ವಿಷಯದಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಲೇಬಲ್ ಮೇಲಿನ 5,050 ವ್ಯಾಟ್ ಕರೆಂಟ್ ಅಲ್ಲ. ಆ ಎಸಿ ನಿಮ್ಮ ರೂಮಿನಿಂದ ಹೊರಗೆ ಸಾಗಿಸುವ ಶಾಖ ಅದು. ಕರೆಂಟ್ ಎಳೆಯುವುದು 1,540 ವ್ಯಾಟ್ ಮಾತ್ರ, ಅಂದರೆ ಸುಮಾರು ಒಂದೂವರೆ ಕಿಲೋವ್ಯಾಟ್. ಎರಡಕ್ಕೂ ಒಂದೇ ಅಳತೆ ಬಳಸುವುದರಿಂದ ಗೊಂದಲ ಆಗುತ್ತದೆ. ನಿಮ್ಮ 3 ಕಿಲೋವ್ಯಾಟ್ ಕನೆಕ್ಷನ್ನಿಗೆ ಎರಡೂ ಎಸಿ ಹೊಂದುತ್ತವೆ. 2 ಕಿಲೋವ್ಯಾಟ್ ಗೀಸರ್ ಇದ್ದರೆ ಅದನ್ನೂ ಎಸಿಯನ್ನೂ ಒಟ್ಟಿಗೆ ಹಾಕಬೇಡಿ, ಅಷ್ಟೇ. ವೈರಿಂಗ್ ಮಾಡಿಸುವಾಗ ನೇಮ್‌ಪ್ಲೇಟ್ ಮೇಲಿರುವ ಗರಿಷ್ಠ ಪವರ್ ನೋಡಿ. ಇನ್ವರ್ಟರ್ ಎಸಿಗಳು ಶುರುವಿನಲ್ಲಿ, ರೂಮು ಕಾದಿದ್ದಾಗ, ರೇಟೆಡ್ ಪವರ್‌ಗಿಂತ ಸ್ವಲ್ಪ ಮೇಲೆ ಹೋಗಬಹುದು.

ಕಡಿಮೆ ಕರೆಂಟ್ ತಗೊಂಡು ಜಾಸ್ತಿ ತಂಪು ಹೇಗೆ ಕೊಡುತ್ತದೆ ಅಂತ ಅನ್ನಿಸಬಹುದು. ಎಸಿ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ, ಬಾವಿಯಿಂದ ನೀರೆತ್ತುವ ಪಂಪಿನ ಹಾಗೆ. ಕರೆಂಟ್ ಖರ್ಚಾಗುವುದು ಎತ್ತುವ ಕೆಲಸಕ್ಕೆ. ಮೊದಲನೇ ಎಸಿಯ ಔಟ್‌ಡೋರ್ ಯೂನಿಟ್ ಮುಂದೆ ನಿಂತರೆ ಬರುವ ಬಿಸಿಗಾಳಿಯಲ್ಲಿ 5,050 ಮತ್ತು 1,540 ಎರಡೂ ಸೇರಿ ಸುಮಾರು 6.6 ಕಿಲೋವ್ಯಾಟ್ ಶಾಖ ಇರುತ್ತದೆ.

ಈಗ ಟನ್. ಯಂತ್ರಗಳು ಬರುವ ಮೊದಲು ಅಮೆರಿಕದಲ್ಲಿ ಕೆರೆಗಳ ಹೆಪ್ಪುಗಟ್ಟಿದ ಐಸ್ ಕೊಯ್ದು ಮಾರುತ್ತಿದ್ದರು. ಯಂತ್ರ ಬಂದಾಗ ಜನ ಕೇಳಿದ್ದು, ಇದು ದಿನಕ್ಕೆ ಎಷ್ಟು ಟನ್ ಐಸಿಗೆ ಸಮ ಅಂತ. ಹಾಗಾಗಿ ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖವೇ ಅಳತೆಯಾಯಿತು. ಅಮೆರಿಕದ ಟನ್ ಅಂದರೆ 2,000 ಪೌಂಡ್, ನಮ್ಮ ಲೆಕ್ಕದಲ್ಲಿ 907 ಕಿಲೋ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು. ಗುಣಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 3.5 ಕಿಲೋವ್ಯಾಟ್ ಬರುತ್ತದೆ. ಈಗ ಒಪ್ಪಿಕೊಂಡಿರುವ ಅಂಕಿ 3.517. ಅಮೆರಿಕದವರು ಇದನ್ನೇ ಬಿಟಿಯು ಅನ್ನೋ ಶಾಖದ ಅಳತೆಯಲ್ಲಿ ಗಂಟೆಗೆ 12,000 ಬಿಟಿಯು ಅನ್ನುತ್ತಾರೆ.

ಇದನ್ನು ನಿಮ್ಮ ಎಸಿಗಳಿಗೆ ಹಾಕಿ ನೋಡಿ. ಸರಿಯಾದ 1.5 ಟನ್ ಅಂದರೆ 5,275 ವ್ಯಾಟ್ ಇರಬೇಕು. ಮೊದಲನೆಯದು 5,050, ಅಂದರೆ 1.44 ಟನ್. ಎರಡನೆಯದು 4,750, ಅಂದರೆ 1.35 ಟನ್. ಎರಡನ್ನೂ ಅಂಗಡಿಯಲ್ಲಿ 1.5 ಟನ್ ಅಂತಲೇ ಮಾರುತ್ತಾರೆ. ಟನ್ ಅನ್ನೋದು ಅಂಗಡಿಯಲ್ಲಿ ಒಂದು ಸೈಜ್ ಹೆಸರಾಗಿದೆ, ಅಂಗಿಯ ಸೈಜಿನಂತೆ ಒಂದಿಷ್ಟು ಹೆಚ್ಚುಕಮ್ಮಿ. ನೀವು ಹೋಲಿಸಬೇಕಾದ್ದು ವ್ಯಾಟ್. ಮೊದಲನೆಯದು ಎರಡನೆಯದಕ್ಕಿಂತ ಶೇಕಡಾ 6ರಷ್ಟು ಜಾಸ್ತಿ ಶಾಖ ಎಳೆಯುತ್ತದೆ.

ಶಾಖವನ್ನು ಕರೆಂಟಿನಿಂದ ಭಾಗಿಸಿದರೆ ಸಿಒಪಿ ಸಿಗುತ್ತದೆ. ಒಂದು ವ್ಯಾಟ್ ಕರೆಂಟಿಗೆ ಎಷ್ಟು ವ್ಯಾಟ್ ಶಾಖ ಹೊರಹೋಗುತ್ತದೆ ಅನ್ನೋ ಲೆಕ್ಕ.

```
ಸಿಒಪಿ = ಕೂಲಿಂಗ್ ವ್ಯಾಟ್ ÷ ಕರೆಂಟ್ ವ್ಯಾಟ್
ಮೊದಲನೆಯದು: 5050 ÷ 1540 = 3.28
ಎರಡನೆಯದು:  4750 ÷ 1320 = 3.60
```

ನಮ್ಮಲ್ಲಿ ಎಸಿ ವಿಷಯಕ್ಕೆ ಇದನ್ನೇ ಇಇಆರ್ ಅಂತಲೂ ಬರೆಯುತ್ತಾರೆ. ನಿಮ್ಮ ತಮ್ಮ ಹೇಳುವ 12ರಲ್ಲಿ ಕೂಲಿಂಗ್ ಬಿಟಿಯುನಲ್ಲಿದೆ, ಕರೆಂಟ್ ವ್ಯಾಟ್‌ನಲ್ಲಿದೆ. ಅದನ್ನು 3.412ರಿಂದ ಭಾಗಿಸಿ, 3.52 ಬರುತ್ತದೆ. ಅವರ ಎಸಿ ನಿಮ್ಮ ಎರಡರ ನಡುವೆ ಎಲ್ಲೋ ಇದೆ. ಕಡಿಮೆ ಏನೂ ಇಲ್ಲ.

ಆದರೆ 3.28 ಮತ್ತು 3.60 ನಡುವೆ ಶೇಕಡಾ 10ರಷ್ಟೇ ವ್ಯತ್ಯಾಸ. ಲೇಬಲ್ ಮೇಲಿನ ಐಎಸ್‌ಇಇಆರ್ 3.90 ಮತ್ತು 5.10 ನಡುವೆ ಶೇಕಡಾ 31. ಹೀಗೇಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿಷಯದ ತಿರುಳು ಇದೇ.

ಸಿಒಪಿ ಎಸಿಯ ಮೇಲೆ ಬರೆದಿಟ್ಟ ಸ್ಥಿರ ಸಂಖ್ಯೆ ಅಲ್ಲ. ಶಾಖವನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಅನ್ನೋದರ ಮೇಲೆ ಅದು ಬದಲಾಗುತ್ತದೆ. ರೇಟಿಂಗ್ ಪರೀಕ್ಷೆ ನಡೆಯುವುದು ಒಳಗೆ 27 ಡಿಗ್ರಿ, ಹೊರಗೆ 35 ಡಿಗ್ರಿ ಇಟ್ಟುಕೊಂಡು. ಪೂರ್ಣ ವೇಗದಲ್ಲಿ ಓಡುವಾಗ ಒಳಗಿನ ಕಾಯಿಲ್ ಸುಮಾರು 10 ಡಿಗ್ರಿಗೆ ಇಳಿದಿರುತ್ತದೆ, ಹೊರಗಿನ ಕಾಯಿಲ್ 50 ಡಿಗ್ರಿಯ ಹತ್ತಿರ ಇರುತ್ತದೆ ಅಂತಿಟ್ಟುಕೊಳ್ಳಿ. ಎತ್ತಬೇಕಾದ್ದು 40 ಡಿಗ್ರಿ. ಭೌತಶಾಸ್ತ್ರದ ಪ್ರಕಾರ ಇಲ್ಲಿ ಸಿಗಬಹುದಾದ ಗರಿಷ್ಠ ಸಿಒಪಿ ಅಂದರೆ 10 ಡಿಗ್ರಿಯ ಕೆಲ್ವಿನ್ ಬೆಲೆ 283ನ್ನು 40ರಿಂದ ಭಾಗಿಸಿದಷ್ಟು, ಸುಮಾರು 7. ನಿಜವಾದ ಯಂತ್ರ ಅದರ ಅರ್ಧ ಮುಟ್ಟುತ್ತದೆ. ಮೂರೂವರೆ ಬಂತು, ಅಲ್ವಾ?

ರಾತ್ರಿ ರೂಮು ತಣ್ಣಗಾದ ಮೇಲೆ ಇನ್ವರ್ಟರ್ ಎಸಿ ಕಂಪ್ರೆಸರ್ ವೇಗ ಇಳಿಸುತ್ತದೆ. ಸಾಗಿಸುವ ಶಾಖ ಅರ್ಧ ಆಯಿತು, ಕಾಯಿಲ್‌ಗಳು ಮಾತ್ರ ಅಷ್ಟೇ ದೊಡ್ಡವು. ಹಾಗಾಗಿ ಒಳಗಿನ ಕಾಯಿಲ್ ಅಷ್ಟೊಂದು ತಣ್ಣಗಾಗಬೇಕಿಲ್ಲ, ಹೊರಗಿನದು ಅಷ್ಟೊಂದು ಕಾಯಬೇಕಿಲ್ಲ. 15 ಮತ್ತು 42 ಡಿಗ್ರಿ ಸಾಕು ಅನ್ನಿ. ಎತ್ತರ 27 ಡಿಗ್ರಿಗೆ ಇಳಿಯಿತು. 288ನ್ನು 27ರಿಂದ ಭಾಗಿಸಿದರೆ ಹತ್ತೂವರೆ ದಾಟುತ್ತದೆ, ಅದರ ಅರ್ಧ ಅಂದರೆ 5ರ ಮೇಲೆ. ಒಂದೇ ಎಸಿ, ಪೂರ್ಣ ವೇಗದಲ್ಲಿ 3.5, ಅರ್ಧ ವೇಗದಲ್ಲಿ 5ಕ್ಕೂ ಜಾಸ್ತಿ. ಒಳ್ಳೆಯ 5 ಸ್ಟಾರ್ ಎಸಿಯ ಗುಟ್ಟು ದೊಡ್ಡ ಕಾಯಿಲ್ ಮತ್ತು ಕಡಿಮೆ ವೇಗದಲ್ಲೂ ಚೆನ್ನಾಗಿ ಓಡುವ ಕಂಪ್ರೆಸರ್.

ಐಎಸ್‌ಇಇಆರ್ ಈ ಬದಲಾವಣೆಯನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿವರೆಗೆ, ಪ್ರತಿ ಡಿಗ್ರಿಗೆ ಇಷ್ಟಿಷ್ಟು ಗಂಟೆ ಅಂತ ಹಂಚಿ, ವರ್ಷಕ್ಕೆ ಒಟ್ಟು 1,600 ಗಂಟೆ ಹಿಡಿದಿದ್ದಾರೆ. ಆ ಅವಧಿಯಲ್ಲಿ ಸಾಗಿಸಿದ ಒಟ್ಟು ಶಾಖವನ್ನು ಒಟ್ಟು ಕರೆಂಟಿನಿಂದ ಭಾಗಿಸಿದರೆ ಐಎಸ್‌ಇಇಆರ್. ಬಿಲ್ ಹೋಲಿಸಲು ಇದೇ ಸರಿಯಾದ ಸಂಖ್ಯೆ. ಸ್ಟಾರ್ ನೋಡಿ ಮೋಸ ಹೋಗಬೇಡಿ. 2018ರ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 5 ಸ್ಟಾರ್ ಸಿಗಲು 4.50 ಸಾಕಿತ್ತು. 2022ರ ಜುಲೈನಿಂದ 5.00 ಬೇಕಾಯಿತು. ಹಳೆ ಸ್ಟಾಕಿನ ಐದು ನಕ್ಷತ್ರವೂ ಹೊಸದರ ಐದು ನಕ್ಷತ್ರವೂ ಒಂದೇ ಅಲ್ಲ. ಸಂಖ್ಯೆಯನ್ನೇ ಓದಿ.

ಇನ್ನು 1,002 ಮತ್ತು 721 ಯೂನಿಟ್. ವ್ಯತ್ಯಾಸ 281 ಅಂತ ಕಾಣುತ್ತದೆ. ಇದನ್ನು ನೇರವಾಗಿ ನಂಬಬೇಡಿ. ಈ ಲೆಕ್ಕದಲ್ಲಿ ಪ್ರತಿ ಎಸಿಗೂ ಅದರ ಸಾಮರ್ಥ್ಯಕ್ಕೆ ತಕ್ಕಷ್ಟು ಶಾಖವನ್ನು ಹೊರಿಸುತ್ತಾರೆ. ಚಿಕ್ಕ ಎಸಿಗೆ ಕಡಿಮೆ ಹೊರೆ, ಹಾಗಾಗಿ ಕಡಿಮೆ ಯೂನಿಟ್. ಆದರೆ ನಿಮ್ಮ ರೂಮು ಒಂದೇ, ಅದರ ಶಾಖವೂ ಒಂದೇ. ಹೀಗೆ ಸರಿ ಮಾಡಿಕೊಳ್ಳಿ:

```
ಮೊದಲನೆಯದು ಸಾಗಿಸಿದ ಶಾಖ: 1002 × 3.90 = 3908 ಯೂನಿಟ್
ಅದೇ ಶಾಖಕ್ಕೆ ಎರಡನೆಯದು: 3908 ÷ 5.10 = 766 ಯೂನಿಟ್
ನಿಜವಾದ ಉಳಿತಾಯ: 1002 − 766 = 236 ಯೂನಿಟ್
```

ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 1,652 ರೂಪಾಯಿ. 9,000 ವಾಪಸ್ ಬರಲು ಸುಮಾರು ಐದೂವರೆ ವರ್ಷ. ಇದು 1,600 ಗಂಟೆ ಓಡಿಸಿದರೆ. ರಾತ್ರಿ 8 ಗಂಟೆಯಂತೆ 200 ದಿನ ಓಡಿಸಿದರೆ ಅಷ್ಟಾಗುತ್ತದೆ. ರಾಯಚೂರಿನಲ್ಲಿ ಅದೇನೂ ದೂರದ ಮಾತಲ್ಲ. ಬೆಂಗಳೂರಿನಲ್ಲಿ ಬೇಸಿಗೆಯ ಒಂದಷ್ಟು ರಾತ್ರಿ ಮಾತ್ರ, ವರ್ಷಕ್ಕೆ 400 ಗಂಟೆ ಓಡಿಸುವವರು ಕೇಳಿದ್ದರೆ ನಾನು 3 ಸ್ಟಾರ್ ಸಾಕು ಅಂತಿದ್ದೆ. ಅವರಿಗೆ ಉಳಿಯುವುದು ವರ್ಷಕ್ಕೆ 400 ರೂಪಾಯಿ ಆಸುಪಾಸು.

ನಿಮಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಒಂದು ಷರತ್ತಿನ ಮೇಲೆ. ರೂಮಿಗೆ 4,750 ವ್ಯಾಟ್ ಸಾಕಾಗಬೇಕು. ಹೊರಗೆ 45 ಡಿಗ್ರಿ ಇದ್ದಾಗ ಹೊರಗಿನ ಕಾಯಿಲ್ 60ಕ್ಕೆ ಹೋಗುತ್ತದೆ. ಎತ್ತುವ ಎತ್ತರ ಜಾಸ್ತಿಯಾಗಿ ಸಿಒಪಿ ಇಳಿಯುತ್ತದೆ, ಸಾಗಿಸುವ ಶಾಖವೂ 4,750ಕ್ಕಿಂತ ಕೆಳಗೆ ಬರುತ್ತದೆ. ಡಬ್ಬದ ಮೇಲೆ "52 ಡಿಗ್ರಿಯಲ್ಲೂ ಕೂಲಿಂಗ್" ಅಂತ ಬರೆದಿದ್ದರೆ, ಅಷ್ಟು ಬಿಸಿಲಲ್ಲೂ ಎಸಿ ನಿಲ್ಲುವುದಿಲ್ಲ ಅಂತ ಅರ್ಥ. ಪೂರ್ತಿ ತಂಪು ಕೊಡುತ್ತದೆ ಅಂತಲ್ಲ. ಬೆಡ್‌ರೂಮು 120–150 ಚದರಡಿ ಇದ್ದು ಮೇಲೆ ಇನ್ನೊಂದು ಮಹಡಿ ಇದ್ದರೆ ಚಿಂತೆ ಬೇಡ. ಮೇಲೆ ಬರೀ ಆರ್‌ಸಿಸಿ ತಾರಸಿ, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲು, ರೂಮು 180 ಚದರಡಿ ಅಂದರೆ ಮಾತ್ರ ಯೋಚಿಸಿ. ಆಗ ಎಸಿ ರಾತ್ರಿಯಿಡೀ ಪೂರ್ಣ ವೇಗದಲ್ಲೇ ಓಡುತ್ತದೆ, ನೀವು 5.10ಕ್ಕೆ ದುಡ್ಡು ಕೊಟ್ಟು 3.60ರ ಹತ್ತಿರದ ಸಿಒಪಿಯಲ್ಲಿ ಕರೆಂಟ್ ಕಟ್ಟುತ್ತೀರಿ. ಅಂಥ ರೂಮಿಗೆ ಅದೇ 5 ಸ್ಟಾರಿನಲ್ಲಿ 5,200 ವ್ಯಾಟ್ ಆಸುಪಾಸಿನದು ಹುಡುಕಿ, ಅದೂ "1.5 ಟನ್" ಹೆಸರಿನಲ್ಲೇ ಸಿಗುತ್ತದೆ.

ಔಟ್‌ಡೋರ್ ಯೂನಿಟ್ಟನ್ನು ಎಲ್ಲಿ ಕೂರಿಸುತ್ತಾರೆ ಅನ್ನೋದನ್ನೂ ನೀವೇ ನಿಂತು ನೋಡಿ. ಇಕ್ಕಟ್ಟಾದ ಡಕ್ಟಿನಲ್ಲೋ, ಮುಂದೆ ಗೋಡೆ ಅಡ್ಡ ಇರುವ ಬಾಲ್ಕನಿಯಲ್ಲೋ ಇಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಊರಿನಲ್ಲಿ 35 ಡಿಗ್ರಿ ಇದ್ದರೂ ಆ ಎಸಿಗೆ ಅದು 45 ಡಿಗ್ರಿಯ ಊರೇ. ಎಸಿ ಓಡುವಾಗ ಯೂನಿಟ್ಟಿನ ಹಿಂಬದಿ, ಗಾಳಿ ಒಳಹೋಗುವ ಕಡೆ ಒಂದು ಥರ್ಮಾಮೀಟರ್ ಹಿಡಿಯಿರಿ, ಯೂನಿಟ್ಟಿನ ಮೇಲೆ ಬಿಸಿಲು ಬೀಳದ ಹೊತ್ತಿನಲ್ಲಿ. ಅಲ್ಲೇ ದೂರದ ನೆರಳಿನಲ್ಲಿ ಅಳೆದದ್ದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ ತೋರಿಸಿದರೆ, ಬಿಲ್ ತೆರುವ ಮೊದಲೇ ಜಾಗ ಬದಲಾಯಿಸಲು ಹೇಳಿ.