ಬೀದಿ ಫೋಟೋದ ಮುಖ, ನಂಬರ್ ಪ್ಲೇಟ್: ಬ್ಲರ್ ಸಾಕಾ, ಬದಲಿಸಬೇಕಾ?

ಪ್ರಶ್ನೆ: ಬೀದಿಯಲ್ಲಿ ತೆಗೆದ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಹಾಕ್ತೀನಿ. ದಾರಿಹೋಕರ ಮುಖ, ಗಾಡಿ ನಂಬರ್ ಇಷ್ಟು ದಿನ ಬ್ಲರ್ ಮಾಡ್ತಿದ್ದೆ. ಈಗ ಅದರ ಬದಲು ಬೇರೆ ಮುಖ, ಬೇರೆ ಪ್ಲೇಟ್ ಕೂರಿಸೋ ಟೂಲ್‌ಗಳು ಬಂದಿವೆ. ಪ್ರೈವಸಿಗೆ ಯಾವುದು ಒಳ್ಳೇದು?

ನಂಬರ್ ಪ್ಲೇಟ್ ವಿಷಯದಲ್ಲಿ ಹೆಚ್ಚು ಯೋಚಿಸಬೇಡಿ. ಬ್ಲರ್ ಬಿಟ್ಟು ಪ್ಲೇಟನ್ನು ಖಾಲಿ ಮಾಡಿಬಿಡಿ. ಮುಖದ ವಿಷಯ ಸ್ವಲ್ಪ ಬೇರೆ. ಅಲ್ಲಿ ಬದಲಿಸುವುದು ಬ್ಲರ್‌ಗಿಂತ ಗಟ್ಟಿ, ಆದರೆ ಹೊಸ ಮುಖ ಕೂರುವ ಮೊದಲು ಹಳೆಯದು ಪೂರ್ತಿ ಅಳಿಸಿ ಹೋಗಿರಬೇಕು. ಎಲ್ಲ ಟೂಲ್‌ಗಳೂ ಹಾಗೆ ಮಾಡುವುದಿಲ್ಲ.

ಮೊದಲು ಪ್ಲೇಟ್. ಬ್ಲರ್ ಪೂರ್ತಿ ಅಳಿಸುವುದಿಲ್ಲ, ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದರೊಳಗೊಂದು ಕಲಸುತ್ತದೆ ಅಷ್ಟೇ. ಚೌಕ ಚೌಕವಾಗಿ ಕಾಣುವ ಮೊಸಾಯಿಕ್ ಕೂಡ ಒಂದೊಂದು ಚೌಕದ ಸರಾಸರಿ ಬಣ್ಣವನ್ನು ಉಳಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಓದಲು ಆಗುವುದಿಲ್ಲ ನಿಜ. ಆದರೆ ಪ್ಲೇಟ್ ಹುಡುಕುವವನಿಗೆ ಓದುವ ಅಗತ್ಯವೇ ಇಲ್ಲ, ಹೋಲಿಸಿ ನೋಡಿದರೆ ಸಾಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಂತಿರುವ ಕಾರು, ಪ್ಲೇಟ್ ಮೇಲೆ 8 ಅಕ್ಷರ ಮತ್ತು ಅಂಕಿ. ಒಂದೊಂದೂ ಸುಮಾರು 20 ಪಿಕ್ಸೆಲ್ ಅಗಲ, 30 ಪಿಕ್ಸೆಲ್ ಎತ್ತರ. ನೀವು 8 ಪಿಕ್ಸೆಲ್ ಚೌಕದ ಮೊಸಾಯಿಕ್ ಹಾಕಿದಿರಿ. ಆಗ ಒಂದು ಅಕ್ಷರದ ಮೇಲೆ ಸುಮಾರು ಹತ್ತು ಚೌಕ ಬೀಳುತ್ತವೆ, ಒಂದೊಂದು ಚೌಕಕ್ಕೂ ಒಂದೊಂದು ಬೂದು ಛಾಯೆ. 8ಕ್ಕೂ 3ಕ್ಕೂ ಬಲಭಾಗ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ಎಡಭಾಗದ ಚೌಕಗಳು ಮಾತ್ರ 3ರಲ್ಲಿ ತಿಳಿಯಾಗಿರುತ್ತವೆ. ಅಷ್ಟು ಸುಳಿವು ಸಾಕು. ಅದೇ ಅಕ್ಷರಶೈಲಿಯಲ್ಲಿ 26 ಅಕ್ಷರ, 10 ಅಂಕಿ ಬರೆದು, ಅದೇ ಮೊಸಾಯಿಕ್ ಹಾಕಿ, ಯಾವುದು ಹತ್ತಿರ ಬರುತ್ತದೆ ಎಂದು ನೋಡಿದರೆ ಆಯಿತು.

ಎಂಟೂ ಜಾಗವನ್ನು ಒಟ್ಟಿಗೆ ಊಹಿಸಬೇಕಾಗಿದ್ದರೆ ಸುಮಾರು 2.8 ಲಕ್ಷ ಕೋಟಿ ಸಾಧ್ಯತೆಗಳು. ಆದರೆ ಒಂದು ಅಕ್ಷರದ ಗುರುತು ಹೆಚ್ಚಾಗಿ ಅದರದೇ ಚೌಕಗಳಲ್ಲಿ ಉಳಿಯುತ್ತದೆ. ಹಾಗಾಗಿ ಒಂದೊಂದೇ ಜಾಗ ಬಿಡಿಸಬಹುದು. 36 ಸಲ ಎಂಟು, ಅಂದರೆ 288 ಹೋಲಿಕೆ. ಪ್ಲೇಟ್ ಓರೆಯಾಗಿದ್ದರೆ, ಜೇಪೆಗ್ ಕಂಪ್ರೆಷನ್‌ನಿಂದ ಚಿತ್ರ ಕೆಟ್ಟಿದ್ದರೆ ಕೆಲಸ ಜಾಸ್ತಿಯಾಗುತ್ತದೆ, ಆದರೂ ಕಂಪ್ಯೂಟರ್‌ಗೆ ಅದೇನು ದೊಡ್ಡದಲ್ಲ. ಎಂಟರಲ್ಲಿ ಐದು ಸಿಕ್ಕರೂ ಕಾರಿನ ಬಣ್ಣ, ಮಾಡೆಲ್ ಸೇರಿಸಿ ಉಳಿದದ್ದನ್ನು ಹುಡುಕಿಕೊಳ್ಳಬಹುದು, ಅಲ್ವಾ?

ಹಾಗಾದರೆ ಬ್ಲರ್ ಇನ್ನೂ ಜೋರಾಗಿ ಹಾಕಿದರೆ? ಆಗ ಸುರಕ್ಷಿತವೇ. ಆದರೆ ಅಷ್ಟು ಹೊತ್ತಿಗೆ ಪ್ಲೇಟ್ ಬರೀ ಬೂದು ಕಲೆಯಾಗಿರುತ್ತದೆ. ಅದರ ಬದಲು ನೇರವಾಗಿ ಪ್ಲೇಟ್ ಬಣ್ಣವನ್ನೇ ಬಳಿದರೆ ನೋಡಲೂ ಚೆನ್ನ. ಇಮೇಜ್‌ಮ್ಯಾಜಿಕ್ ಇದ್ದರೆ ಒಂದು ಸಾಲಿನ ಕೆಲಸ:

```
magick in.jpg -auto-orient -fill "#d8d8d4" -draw "rectangle 410,620 590,660" -strip out.jpg
```

ನಾಲ್ಕು ಸಂಖ್ಯೆಗಳು ಪ್ಲೇಟಿನ ಎರಡು ಎದುರುಬದುರು ಮೂಲೆಗಳು. ಬಣ್ಣವನ್ನು ಪ್ಲೇಟಿನ ಖಾಲಿ ಅಂಚಿನಿಂದಲೇ ಎತ್ತಿಕೊಳ್ಳಿ. ಆ ಮೇಲೆ ಬೇಕಿದ್ದರೆ ನೆರಳು ಸೇರಿಸಿ ಚಂದ ಮಾಡಿ. ಬೇರೆ ನಂಬರ್ ಮಾತ್ರ ಬರೆಯಬೇಡಿ. ನೀವು ಸುಮ್ನೆ ಹೊಳೆದದ್ದು ಬರೆದ ನಂಬರ್ ಯಾರದೋ ನಿಜವಾದ ಗಾಡಿಯದ್ದಾಗಿರಬಹುದು. ಆಮೇಲೆ ಆ ಗಾಡಿ ಇಲ್ಲಿತ್ತು ಎಂದು ನಿಮ್ಮ ಫೋಟೋ ಸುಳ್ಳು ಹೇಳುತ್ತದೆ. ಟೂಲ್ ತಾನೇ ನಂಬರ್ ಹುಟ್ಟಿಸಿದರೂ ಇದೇ ತೊಂದರೆ.

ಇನ್ನು ಮುಖ. ಇಲ್ಲಿ ಅಕ್ಷರಗಳ ಹಾಗೆ 36 ಆಯ್ಕೆ ಅಂತ ಇಲ್ಲ, ನಿಜ. ಆದರೆ ದಾಳಿ ಮಾಡುವವನೂ ಲೋಕದ ಎಲ್ಲರಲ್ಲಿ ಹುಡುಕುತ್ತಿರುವುದಿಲ್ಲ. ಅವನ ಹತ್ತಿರ ಒಂದು ಆಫೀಸಿನ, ಒಂದು ಕಾಲೇಜಿನ ಫೋಟೋಗಳಿರುತ್ತವೆ, ಅವರಲ್ಲಿ ಇದು ಯಾರು ಎಂದಷ್ಟೇ ತಿಳಿಯಬೇಕು. 2016ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ (ಆಸ್ಟಿನ್) ಮತ್ತು ಕಾರ್ನೆಲ್ ಟೆಕ್ ಸಂಶೋಧಕರು ಇದನ್ನೇ ಮಾಡಿ ತೋರಿಸಿದರು. ಮೊಸಾಯಿಕ್ ಹಾಕಿದ ಮುಖಗಳ ಮೇಲೆ, ಯೂಟ್ಯೂಬ್‌ನ ಬ್ಲರ್ ಹಾಕಿದ ಮುಖಗಳ ಮೇಲೆ ನ್ಯೂರಲ್ ನೆಟ್‌ವರ್ಕ್‌ಗೆ ತರಬೇತಿ ಕೊಟ್ಟರು. ಅದು ಮಸುಕಾದ ಮುಖವನ್ನು ಮತ್ತೆ ಸ್ಪಷ್ಟ ಮಾಡಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಗೊತ್ತಿರುವವರ ಗುಂಪಿನಲ್ಲಿ ಇವರು ಯಾರು ಎಂದು ಹೇಳಿತು.

ಬದಲಿ ಮುಖ ಇದನ್ನು ತಪ್ಪಿಸುತ್ತದೆ, ಆದರೆ ಬದಲಿಸುವುದರಲ್ಲಿ ಎರಡು ಬಗೆ ಇದೆ. ಫೇಸ್ ಸ್ವಾಪ್ ಟೂಲ್‌ಗಳು ಮೂಲ ಮುಖವನ್ನು ನೋಡಿಕೊಂಡೇ ಹೊಸದನ್ನು ಅದಕ್ಕೆ ಹೊಂದಿಸುತ್ತವೆ. ಹಾವಭಾವ, ಮುಖದ ಆಕಾರ, ಚರ್ಮದ ಬಣ್ಣ ಒಂದಿಷ್ಟು ಸೋರಿ ಬರಬಹುದು. ಇನ್ನೊಂದು ಬಗೆ ಮುಖವನ್ನು ಮೊದಲೇ ಕತ್ತರಿಸಿ ತೆಗೆದು, ಉಳಿದ ತೂತಿನಲ್ಲಿ ಹೊಸದನ್ನು ಹುಟ್ಟಿಸುತ್ತದೆ. 2019ರಲ್ಲಿ ನಾರ್ವೆಯ ಸಂಶೋಧಕರು ಪ್ರಕಟಿಸಿದ ಡೀಪ್‌ಪ್ರೈವಸಿ ಈ ಜಾತಿಯದು. ಚಿತ್ರ ಹುಟ್ಟಿಸುವ ಭಾಗಕ್ಕೆ ಮೂಲ ಮುಖದ ಒಂದು ಪಿಕ್ಸೆಲ್ಲೂ ಸಿಗುವುದಿಲ್ಲ. ಕಣ್ಣು, ಕಿವಿ, ಮೂಗು, ಭುಜ ಎಲ್ಲಿದ್ದವು ಎಂಬ ಏಳು ಬಿಂದು ಮತ್ತು ಸುತ್ತಲಿನ ಹಿನ್ನೆಲೆ ಮಾತ್ರ ಸಿಗುತ್ತದೆ. ನಿಮಗೆ ಬೇಕಾದದ್ದು ಇದು. ನಿಮ್ಮ ಟೂಲ್ ಯಾವ ಬಗೆಯದು ಎಂದು ಅನುಮಾನವಿದ್ದರೆ, ನೀವೇ ಮುಖದ ಮೇಲೆ ಗಟ್ಟಿ ಬಣ್ಣ ಬಳಿದು, ಸೇವ್ ಮಾಡಿ, ಬಳಿದ ಜಾಗವನ್ನು ತುಂಬುವ ಟೂಲ್‌ಗೆ ಆ ಫೈಲನ್ನೇ ಕೊಡಿ.

ಜನ ಮರೆಯುವ ವಿಷಯ ಒಂದಿದೆ. ಮುಖ ಹುಡುಕುವ ಪ್ರೋಗ್ರಾಂ ಕೆಲವನ್ನು ಬಿಟ್ಟುಬಿಡುತ್ತದೆ. ಪಕ್ಕಕ್ಕೆ ತಿರುಗಿದ್ದು, ಕನ್ನಡಿಯಲ್ಲಿ ಕಂಡದ್ದು, ಅರ್ಧ ಮರೆಯಾದದ್ದು, ಹೀಗೆ. ಬ್ಲರ್ ಆದರೆ ಬಿಟ್ಟುಹೋದ ಮುಖ ತಕ್ಷಣ ಕಣ್ಣಿಗೆ ಬೀಳುತ್ತದೆ, ಹೋಗಿ ಸರಿಮಾಡುತ್ತೀರಿ. ಬದಲಿಸಿದಾಗ ಎಲ್ಲವೂ ನಿಜವಾದ ಮುಖಗಳ ಹಾಗೇ ಕಾಣುತ್ತವೆ, ಬಿಟ್ಟುಹೋದದ್ದು ಯಾವುದು ಎಂದು ನಿಮಗೇ ತಿಳಿಯುವುದಿಲ್ಲ. ಹೊರಗಿನವರಿಗೂ ತಿಳಿಯುವುದಿಲ್ಲ ಎಂಬುದು ಲಾಭವೇ. ಆದರೆ ಆ ವ್ಯಕ್ತಿಯ ಪರಿಚಯದವರು ಹಾಗೇ ಗುರುತು ಹಿಡಿಯುತ್ತಾರೆ. ಅದಕ್ಕೆ ನಾನು ಎರಡು ಹಂತದಲ್ಲಿ ಮಾಡುತ್ತೇನೆ. ಮೊದಲು ಎಲ್ಲ ಮುಖದ ಮೇಲೂ ಕಣ್ಣಿಗೆ ಹೊಡೆಯುವ ಹಸಿರು ಬಳಿದು, ಚಿತ್ರವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡುತ್ತೇನೆ. ಹಸಿರು ಇಲ್ಲದ ಮುಖ ಒಂದೂ ಉಳಿದಿಲ್ಲ ಎಂದಾದ ಮೇಲೆಯೇ ಹೊಸ ಮುಖ.

ಹಿನ್ನೆಲೆಯಲ್ಲಿ ಹದಿನೈದು ಪಿಕ್ಸೆಲ್‌ನಷ್ಟೇ ಇರುವ ಮುಖಗಳಿಗೆ ಇಷ್ಟೆಲ್ಲ ಬೇಡ, ಚರ್ಮದ ಬಣ್ಣ ಬಳಿದರೆ ಸಾಕು. ಬಟ್ಟೆ, ಚೀಲ, ಹಚ್ಚೆಯಿಂದ ಗುರುತು ಸಿಗುವುದನ್ನು ಬ್ಲರ್ರೂ ತಡೆಯುವುದಿಲ್ಲ, ಬದಲಿ ಮುಖವೂ ತಡೆಯುವುದಿಲ್ಲ.

ಒಂದು ಕಡೆ ಮಾತ್ರ ನಾನು ಮುಖ ಬದಲಿಸುವುದೇ ಇಲ್ಲ. ಪ್ರತಿಭಟನೆ, ಅಪಘಾತ, ಜಗಳ, ಹೀಗೆ ಏನಾಯಿತು ಎಂಬುದಕ್ಕೆ ಫೋಟೋ ಸಾಕ್ಷಿಯಾಗುವಂತಿದ್ದರೆ, ಅಲ್ಲಿ ಇರದ ವ್ಯಕ್ತಿಯನ್ನು ಸೇರಿಸುವುದು ತಪ್ಪು. ಅಂಥದಕ್ಕೆ ಎದ್ದು ಕಾಣುವ ಗಟ್ಟಿ ಪಟ್ಟಿಯೇ ಸರಿ. ಬೇರೆ ಫೋಟೋಗಳಿಗೂ ಕೆಳಗೆ "ಮುಖಗಳನ್ನು ಬದಲಿಸಲಾಗಿದೆ" ಎಂದು ಹಾಕಿ.

ಕೊನೆಗೆ ಫೈಲ್ ಒಳಗಿನದ್ದು. ಕ್ಯಾಮೆರಾ ಜೇಪೆಗ್ ಒಳಗೆ ಪುಟ್ಟ ಥಂಬ್‌ನೇಲ್ ಇಡುತ್ತದೆ. ಕೆಲವು ಎಡಿಟರ್‌ಗಳು ಚಿತ್ರ ತಿದ್ದಿದರೂ ಅದನ್ನು ಹಳೆಯದಾಗಿಯೇ ಬಿಡುತ್ತವೆ. ಪ್ಲೇಟ್ ಅದರಲ್ಲಿ ಓದಲು ಆಗದಿರಬಹುದು, ಹತ್ತಿರದ ಮುಖ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಮೇಲಿನ ಸಾಲಿನ `-strip` ಅದನ್ನೂ, ಜಿಪಿಎಸ್ ಮಾಹಿತಿಯನ್ನೂ ತೆಗೆಯುತ್ತದೆ. ಬೇರೆ ಎಡಿಟರ್ ಬಳಸಿದ್ದರೆ ಹಾಕುವ ಮೊದಲು ಇದನ್ನು ಓಡಿಸಿ, ಹೊರಬಂದ ಚಿತ್ರ ತೆರೆದು ನೋಡಿ:

```
exiftool -b -ThumbnailImage out.jpg > thumb.jpg
```

ಫೈಲ್ ಖಾಲಿ ಬಂದರೆ ಥಂಬ್‌ನೇಲ್ ಇಲ್ಲ ಎಂದರ್ಥ.