ಡ್ರೈ ಐಸ್‌ನ ತಾಪನ ರೇಖೆಯಲ್ಲಿ ಒಂದೇ ಸಮತಟ್ಟು ಏಕೆ?

“ನೀರಿನ ತಾಪನ ರೇಖೆಯಲ್ಲಿ ಎರಡು ಸಮತಟ್ಟು ಭಾಗಗಳಿವೆ, ಡ್ರೈ ಐಸ್‌ನದರಲ್ಲಿ ಒಂದೇ. ಪ್ರಾವಸ್ಥಾ ನಕ್ಷೆಯಲ್ಲಿ ಇದನ್ನು ಎಲ್ಲಿ ನೋಡಬೇಕು?”

ವಸ್ತು ಯಾವ ಒತ್ತಡ, ಯಾವ ಉಷ್ಣಾಂಶದಲ್ಲಿ ಘನ, ದ್ರವ ಅಥವಾ ಅನಿಲವಾಗಿರುತ್ತದೆ ಎಂಬುದನ್ನು ಪ್ರಾವಸ್ಥಾ ನಕ್ಷೆ ತೋರಿಸುತ್ತದೆ; ಈ ಸ್ಥಿತಿಗಳ ಪ್ರದೇಶಗಳನ್ನು ಗಡಿರೇಖೆಗಳು ಬೇರ್ಪಡಿಸುತ್ತವೆ. ನಕ್ಷೆಯ ಲಂಬ ಅಕ್ಷದಲ್ಲಿ ಒತ್ತಡ, ಅಡ್ಡ ಅಕ್ಷದಲ್ಲಿ ಉಷ್ಣಾಂಶ ಇರುತ್ತದೆ. ಶಾಖ ಕೊಡುತ್ತ ಹೋದಂತೆ ಉಷ್ಣಾಂಶ ಹೇಗೆ ಬದಲಾಗುತ್ತದೆ ಎಂದು ತೋರಿಸುವ ತಾಪನ ರೇಖೆಯನ್ನು ಒಂದೇ ಒತ್ತಡದಲ್ಲಿ ಪಡೆಯುವುದರಿಂದ, ಆ ಒತ್ತಡದಲ್ಲಿ ಎಡದಿಂದ ಬಲಕ್ಕೆ ಅಡ್ಡಗೆರೆ ಎಳೆಯಿರಿ. ಅದು ಗಡಿರೇಖೆಯನ್ನು ದಾಟುವ ಪ್ರತಿ ಬಿಂದುವೂ ತಾಪನ ರೇಖೆಯಲ್ಲಿ ಒಂದು ಸಮತಟ್ಟಾಗುತ್ತದೆ. ಅಲ್ಲಿ ಕೊಟ್ಟ ಶಾಖವೆಲ್ಲ ಅಣುಗಳನ್ನು ಬಿಡಿಸಲು ಖರ್ಚಾಗುತ್ತದೆ, ಉಷ್ಣಾಂಶ ಏರುವುದಿಲ್ಲ. ಸಮತಟ್ಟು ಎಷ್ಟು ಉದ್ದ ಎಂಬುದನ್ನು ಮಾತ್ರ ನಕ್ಷೆಯಲ್ಲಿ ಹುಡುಕಬೇಡಿ. ಅದರಲ್ಲಿ ಶಾಖದ ಅಕ್ಷವೇ ಇಲ್ಲ.

ಈಗ ಘನ, ದ್ರವ, ಅನಿಲ ಮೂರರ ಗಡಿಗಳೂ ಸೇರುವ ತ್ರಿಬಿಂದುವನ್ನು ನೋಡಿ. ನೀರಿನದು ಸುಮಾರು 0.006 ವಾಯುಭಾರದಲ್ಲಿದೆ. ಹಾಗಾಗಿ 1 ವಾಯುಭಾರದ ಗೆರೆ ಅದಕ್ಕಿಂತ ಬಹಳ ಮೇಲೆ ಸಾಗಿ, 0 ಮತ್ತು 100 ಡಿಗ್ರಿಗಳಲ್ಲಿ ಎರಡು ಗಡಿ ದಾಟುತ್ತದೆ. ಡ್ರೈ ಐಸ್ ಎಂದರೆ ಘನ ಇಂಗಾಲದ ಡೈಆಕ್ಸೈಡ್; ಇದರ ತ್ರಿಬಿಂದು ಸುಮಾರು 5.1 ವಾಯುಭಾರ, −56.6 ಡಿಗ್ರಿಯಲ್ಲಿದೆ. ನಮ್ಮ ಗೆರೆ ಅದರ ಕೆಳಗೇ ಉಳಿಯುತ್ತದೆ. ದ್ರವದ ಪ್ರದೇಶ ಶುರುವಾಗುವುದೇ ಆ ಬಿಂದುವಿನ ಮೇಲೆ. ಕೆಳಗಿರುವುದು ಘನ–ಅನಿಲ ಗಡಿ ಒಂದೇ. ಅದನ್ನು −78.5 ಡಿಗ್ರಿಯಲ್ಲಿ ದಾಟಿದಾಗ ಘನವು ನೇರವಾಗಿ ಅನಿಲವಾಗುತ್ತದೆ.

ಗೆರೆಯನ್ನು 10 ವಾಯುಭಾರಕ್ಕೆ ಏರಿಸಿ ನೋಡಿ: ಸುಮಾರು −56 ಡಿಗ್ರಿಯಲ್ಲಿ ಕರಗುತ್ತದೆ, −40ರ ಆಸುಪಾಸಿನಲ್ಲಿ ಕುದಿಯುತ್ತದೆ. ಎರಡು ಸಮತಟ್ಟುಗಳು ಸಿಕ್ಕವು! ಅಂದರೆ ದ್ರವವಾಗದೆ ನೇರವಾಗಿ ಅನಿಲಕ್ಕೆ ಜಿಗಿಯುವುದು ವಸ್ತುವಿನ ಗುಣವಷ್ಟೇ ಅಲ್ಲ, ಒತ್ತಡದ್ದೂ ಹೌದು. ಅಗ್ನಿಶಾಮಕ ಸಿಲಿಂಡರಿನೊಳಗೆ ಇದೇ ವಸ್ತು ದ್ರವವಾಗಿರುವುದು ಅದಕ್ಕೇ. ಇದನ್ನು ಪರೀಕ್ಷಿಸಲು ಡ್ರೈ ಐಸ್ ಅನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಬಾಟಲಿ ಸಿಡಿಯುತ್ತದೆ.